ಆರುನೂರರ ಮಷೀನು

ಜಂಬಮ್ಮ ಯಾರನ್ನೂ ಸುಲಭಕ್ಕೆ ನಂಬುವ ಹೆಂಗಸಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವ ಮಾತನ್ನು ಬೇರೆಯವರು ಬಾಯಲ್ಲಿ ಹೇಳಿದರೆ, ಇವಳು ಹಾಲನ್ನೇ ಎರಡು ಸಲ ಮೂಸಿ ನೋಡುವವಳು. ಗಂಡ ತೀರಿಕೊಂಡ ಮೇಲಂತೂ ಅವಳ ಅನುಮಾನಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿದವನು ಮೈದುನ ಹಂಪಣ್ಣ. ಅವನು ಮನೆಗೆ ಜೋಳದ ಚೀಲ ಕಳಿಸಿದರೆ ಇವಳು ವಾಪಸು ಕಳಿಸುತ್ತಿದ್ದಳು. ಇವತ್ತು ಜೋಳ ತಿಂದರೆ ನಾಳೆ ಹೊಲದ ಪಾಲಿಗೆ ಕೈ ಹಾಕುತ್ತಾನೆ ಅನ್ನುವುದು ಅವಳ ಲೆಕ್ಕ.

ಹಾಗಾಗಿ ಹೊಲಿಗೆ ಮಷೀನು ತರಲು ಸಿಂಧನೂರಿಗೆ ಒಬ್ಬಳೇ ಹೋಗುತ್ತೇನೆಂದು ಹೊರಟಿದ್ದಳು. ತನ್ನೂರು ಪಾಮನಕಲ್ಲೂರಿನಲ್ಲಿ ಪಕ್ಕದ ಮನೆಯ ಮೈಮುನಾಬಿಯ ಮಷೀನಿನ ಮೇಲೆ ಲಂಗ, ಕುಬಸ ಹೊಲಿಯುವುದನ್ನು ಕಲಿತಿದ್ದಳು. ಸ್ವಂತದ್ದೊಂದು ಮಷೀನು ಬಂದರೆ ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕಬಹುದು. ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಸೀರೆಯ ಗಂಟಿನಲ್ಲಿ ಆರುನೂರು ರೂಪಾಯಿ ಇತ್ತು, ಬಸ್ಸಿನ ಚಾರ್ಜು ಬೇರೆ. ಆರುನೂರು ದಾಟಿತೋ, ಬರಿಗೈಯಲ್ಲಿ ವಾಪಸು ಬರಬೇಕು.

ಆದರೆ ಬಸ್ಸು ಹೊರಡುವ ಹೊತ್ತಿಗೆ ಹಂಪಣ್ಣ ಹತ್ತಿ ಕೂತ. "ಸಿಂಧನೂರಾಗ ಮಲೀಕಸಾಬ ಅಂತ ಅದಾನ, ಹಳೇ ಮಷೀನು ಪಕ್ಕಾ ರಿಪೇರಿ ಮಾಡಿ ಮಾರ್ತಾನ. ನನಗ ಗುರ್ತು. ಅಲ್ಲಿಗೇ ಹೋಗೂಣು ಅತ್ತಿಗಿ," ಅಂದ.

ಗುರುತು! ಜಂಬಮ್ಮನ ಕಿವಿ ನೆಟ್ಟಗಾಯಿತು. ಗುರುತಿನವರು ಅಂಗಡಿಗೆ ಗಿರಾಕಿ ಕರೆತರುವುದು ಯಾಕೆಂದು ಅವಳಿಗೆ ಗೊತ್ತು. ತಂಗಿಯ ಮದುವೆಗೆ ಸೀರೆ ತರಲು ಹೋದಾಗ ಜೊತೆಗೆ ಬಂದಿದ್ದ ನೆಂಟನೊಬ್ಬ ಕೊಡೆ ಮರೆತೆನೆಂದು ಅಂಗಡಿಗೆ ತಿರುಗಿ ಹೋಗಿ, ಕೊಡೆಯ ಜೊತೆ ಕಮಿಷನ್ನನ್ನೂ ತಂದಿದ್ದ. ಆ ಕಮಿಷನ್ನು ಗಿರಾಕಿಯ ರೇಟಿನಲ್ಲಿಯೇ ಕೂತಿರುತ್ತದೆ. ಅವತ್ತಿನಿಂದ ಅವಳಿಗೆ ಜೊತೆಗೆ ಬರುವವರೆಂದರೆ ಆಗುತ್ತಿರಲಿಲ್ಲ.

ಸಿಂಧನೂರಿನಲ್ಲಿ ಇಳಿದದ್ದೇ ಹಂಪಣ್ಣ, "ನೀ ಇಲ್ಲೇ ಚಾ ಕುಡೀತಿರು, ಅಂಗಡಿ ತಗದಾನೋ ಇಲ್ಲೋ ನೋಡಿ ಬರ್ತೀನಿ," ಎಂದು ಓಡಿದ. ಅವಳು ಎರಡು ಗುಟುಕು ಚಾ ಕುಡಿದಳು. ಅರ್ಧಕ್ಕೇ ಬಿಟ್ಟು ಹಿಂದೆಯೇ ಹೋದಳು. ಇವಳು ಒಳಗೆ ಕಾಲಿಟ್ಟಾಗ ಇಬ್ಬರೂ ಮಾತು ನಿಲ್ಲಿಸಿದರು. ಮಲೀಕಸಾಬ ಗಲ್ಲಾಪೆಟ್ಟಿಗೆಯನ್ನು ಸದ್ದಿಲ್ಲದೆ ಮುಚ್ಚಿದ.

"ಬರ್ರಿ ಅವ್ವಾರ, ಕುಂದರ್ರಿ," ಎಂದು ಕಾಲಿನಿಂದ ತುಳಿಯುವ ಕರಿ ಮಷೀನೊಂದನ್ನು ತೋರಿಸಿದ.

ಜಂಬಮ್ಮ ಮನೆಯಿಂದಲೇ ಬಟ್ಟೆಯ ತುಂಡು, ದಾರ ತಂದಿದ್ದಳು. ಅಂಗಡಿಯವರ ಬಟ್ಟೆಯ ಮೇಲೆ ಅಂಗಡಿಯವರ ಮಷೀನು ಚೆಂದವೇ ಹೊಲಿಯುತ್ತದೆ, ಅದರಲ್ಲೇನು ಬಂತು? ಮೊದಲು ಗಾಲಿಯನ್ನು ಕೈಯಿಂದ ತಿರುಗಿಸಿ ಎಲ್ಲಾದರೂ ಹಿಡಿಯುತ್ತದೆಯೋ ನೋಡಿದಳು. ತೆಳ್ಳನೆಯ ಬಟ್ಟೆ ಹೊಲಿದಳು, ನಾಲ್ಕು ಮಡಿಕೆ ಮಾಡಿ ದಪ್ಪವನ್ನೂ ಹೊಲಿದಳು. ತಿರುವಿ ಕೆಳಗಿನ ಹೊಲಿಗೆ ನೋಡಿದಳು. ಎಲ್ಲೂ ದಾರ ಗಂಟಾಗಿರಲಿಲ್ಲ, ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಮನಸ್ಸು ಅದರ ಮೇಲೆ ಕೂತೇಬಿಟ್ಟಿತು. ಮುಖವನ್ನು ಮಾತ್ರ ಬಿಗಿ ಹಿಡಿದಳು.

"ಏನು ಹೇಳ್ತೀರಿ ಸಾಬರ?"

"ನಿಮಗಂದ್ರ ಆರುನೂರಾ ಐವತ್ತು."

ಇದರಲ್ಲೇನೋ ಇದೆ ಎಂದುಕೊಂಡಳು. ಲಿಂಗಸುಗೂರಿನಲ್ಲಿ ಇಂಥದ್ದಕ್ಕೇ ಏಳುನೂರಾ ಐವತ್ತು ಹೇಳಿದ್ದರು. ಚೌಕಾಸಿಗೆ ಮೊದಲೇ ಕಡಿಮೆ ಹೇಳುವ ಅಂಗಡಿಯವನನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹಂಪಣ್ಣ ದೊಡ್ಡ ದನಿ ತೆಗೆದ. "ಏನ್ ಸಾಬ, ಈ ತುಕ್ಕಿಗೆ ಅಷ್ಟ್ಯಾಕ? ಸ್ಟ್ಯಾಂಡ್ ಅಲ್ಲಾಡಾಕತ್ತೈತಿ!" ಸ್ಟ್ಯಾಂಡು ಕಲ್ಲಿನಂತೆ ನಿಂತಿತ್ತು. ಸುಳ್ಳು ಜಗಳ, ನಾಟಕ ಎಂದುಕೊಂಡಳು.

ಮೈಮುನಾಬಿ ಹೇಳಿಕೊಟ್ಟಿದ್ದು ನೆನಪಿತ್ತು: ಮಾಲಿಗೆ ಹೆಸರಿಡಬೇಡ, ಮಾರುವವನಿಗೆ ರೊಚ್ಚು ಬರುತ್ತದೆ. ನಿನ್ನ ಶಕ್ತಿ ಎಷ್ಟೋ ಅಷ್ಟು ಹೇಳು.

"ಸಾಬರ, ಮಷೀನು ಛಲೋ ಐತಿ, ನಾ ಹೆಸರಿಡಂಗಿಲ್ಲ," ಅಂದಳು. "ನೀವು ಹೇಳಿದ್ದೂ ತಪ್ಪಲ್ಲ. ಆದ್ರ ನನ್ನ ಶಕ್ತಿ ಅಷ್ಟಿಲ್ಲ. ಐನೂರಾ ಐವತ್ತಕ್ಕ ಕೊಟ್ರ ಈಗಿಂದೀಗ ರೊಕ್ಕ ಎಣಿಸಿ ಒಯ್ತೀನಿ."

ಮಲೀಕಸಾಬ ಹಂಪಣ್ಣನ ಮುಖ ನೋಡಿದ. ಹಂಪಣ್ಣ ಕಣ್ಣಲ್ಲೇ ಏನೋ ಅಂದ.

ಸಾಕಾಯಿತು. ತನ್ನ ಅಂಗಡಿಯ ಮಾಲಿಗೆ ಬೇರೆಯವರ ಅಪ್ಪಣೆ ಕೇಳುವ ವ್ಯಾಪಾರಿ ಉಂಟೇ? ಕಮಿಷನ್ನು ಮೊದಲೇ ಮಾತಾಗಿದೆ, ಅದಕ್ಕೆ ಕೊರತೆ ಬಿತ್ತೆಂದು ಇಬ್ಬರೂ ಒದ್ದಾಡುತ್ತಿದ್ದಾರೆ. ಸತ್ತ ಅಣ್ಣನ ಹೆಂಡತಿಯಿಂದಲೂ ತಿನ್ನುತ್ತಾನಲ್ಲ ಎಂದು ಅವಳ ಹೊಟ್ಟೆ ಉರಿದುಹೋಯಿತು. ಆದರೆ ಅಂಗಡಿಯಲ್ಲಿ ಮೈದುನನ ಮರ್ಯಾದೆ ತೆಗೆದರೆ ಹೋಗುವುದು ಮನೆತನದ್ದೇ. ಹಲ್ಲು ಕಚ್ಚಿ, ಬೆಲ್ಲದಂಥ ದನಿ ತಂದುಕೊಂಡಳು.

"ಸಾಬರ, ಒಂದು ಮಾತು, ಸಿಟ್ಟಾಗಬ್ಯಾಡ್ರಿ. ನಮ್ಮ ಹಂಪಣ್ಣ ನನ್ನ ಸಲುವಾಗಿ ಬಂದಾನ. ಅವನ ಚಾ, ಬಸ್ಸಿನ ಖರ್ಚು ನಂದು. ಅವನ ಸಲುವಾಗಿ ನಿಮ್ಮ ಮ್ಯಾಲೆ ಏನೂ ಭಾರ ಬ್ಯಾಡ. ಆ ಭಾರ ತಗದು, ಬರೇ ಮಷೀನಿನ ರೇಟ್ ಹೇಳ್ರಿ."

ಎಷ್ಟು ನಯವಾಗಿ ಹೇಳಿದೆ ಎಂದು ತನ್ನ ಬೆನ್ನು ತಾನೇ ಚಪ್ಪರಿಸಿಕೊಂಡಳು.

ಮಲೀಕಸಾಬನಿಗೆ ಅರ್ಥವಾಗಲು ಗಳಿಗೆ ಹಿಡಿಯಿತು. ಅರ್ಥವಾದದ್ದೇ ಅವನ ಮುಖ ಕೆಂಪಾಯಿತು. ಗಲ್ಲಾಪೆಟ್ಟಿಗೆ ತೆರೆದು ನೂರರ ನೋಟೊಂದನ್ನು ತೆಗೆದು ಹಂಪಣ್ಣನ ಮುಂದೆ ಇಟ್ಟ.

"ತಗೋ ಹಂಪಣ್ಣ, ನಿನ್ನ ರೊಕ್ಕ. ನಾ ಕಮಿಷನ್ ಕೊಡೋ ಮನಷಾ ಅಲ್ಲ, ಅವ್ವಾರ. ಈ ಮಷೀನಿಂದು ಏಳುನೂರು. ಈತ ಈಗ ನಿಮಗಿಂತ ಮೊದಲ ಬಂದು ನೂರು ಕೊಟ್ಟು, 'ಅತ್ತಿಗಿ ನನ್ನ ಕೈಯಿಂದ ಒಂದು ಪೈಸಾ ಮುಟ್ಟಂಗಿಲ್ಲ, ಆಕಿ ಹತ್ರ ಆರುನೂರೈತಿ ಅಂತ ಪಕ್ಕದ ಮನಿ ಮೈಮುನಾಬಿ ಅಂದಾಳ, ಆರುನೂರಕ್ಕ ಮುಗಿಸು, ಆಕಿಗೆ ಗೊತ್ತಾಗಬಾರದು' ಅಂದ. ನೀವು ಇನ್ನೂ ಐವತ್ತು ಇಳಿಸಿದ್ರಿ, ಅದಕ್ಕ ಈತನ ಮಾರಿ ನೋಡಿದೆ. ಭಾರ ತಗೀರಿ ಅಂದ್ರಿ, ತಗದೀನಿ."

ಹಂಪಣ್ಣ ನೋಟನ್ನು ಜೇಬಿಗೆ ಹಾಕಿಕೊಂಡ. ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತ.

ಜಂಬಮ್ಮನಿಗೆ ಭೂಮಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ವಾಪಸು ಕಳಿಸಿದ ಜೋಳದ ಚೀಲಗಳೆಲ್ಲ ಎದೆಯ ಮೇಲೆ ಬಂದು ಕೂತವು. ಅದರ ಮೇಲೆ ಇನ್ನೊಂದು ಸಂಕಟ: ಎದುರಿಗಿರುವುದು ಏಳುನೂರರ ಮಷೀನು, ಗಂಟಿನಲ್ಲಿರುವುದು ಆರುನೂರು.

"ತಪ್ಪು ತಿಳಕೊಂಡೆ, ಸಾಬರ, ಮನಸಿನಾಗ ಇಟ್ಟುಕೋಬ್ಯಾಡ್ರಿ," ಅಂದಳು. "ನಿಮ್ಮ ರೇಟ್ ಸರಿ ಐತಿ. ನನ್ನ ಹತ್ರ ಇರೋದು ಮಾತ್ರ ಆರುನೂರು. ನೀವು ಎಲ್ಲಿ ತನಕ ಇಳೀತೀರೋ ಒಂದ ಮಾತಿನಾಗ ಹೇಳ್ರಿ. ಅದರ ಮ್ಯಾಲೆ ನಾ ಕೇಳಂಗಿಲ್ಲ."

ಮಲೀಕಸಾಬ ಗಡ್ಡ ಸವರಿಕೊಂಡ. "ಆರುನೂರಾ ಐವತ್ತು. ಇದಕ್ಕಿಂತ ಕೆಳಗ ಇಳದ್ರ ನಂದೇ ಹೋಗ್ತೈತಿ."

ಮಾತು ಕೊಟ್ಟಾಗಿತ್ತು, ಮತ್ತೆ ಕೇಳುವಂತಿರಲಿಲ್ಲ. ಜಂಬಮ್ಮ ಬಾಗಿಲಿಗೆ ಬಂದು ಹಂಪಣ್ಣನ ಬೆನ್ನು ನೋಡುತ್ತ ನಿಂತಳು. ಅಂಗಡಿಯವನ ಮುಂದೆ ಅಷ್ಟು ಸರಾಗವಾಗಿ ಹರಿದ ನಾಲಿಗೆ ಇಲ್ಲಿ ಒಣಗಿತು.

"ಹಂಪಣ್ಣ, ಐವತ್ತು ಕಮ್ಮಿ ಬಿದ್ದಾವ," ಅಂದಳು ಕಡೆಗೆ. "ನೀ ಕೊಡು."

ಅವನು ತಿರುಗಲಿಲ್ಲ. ಜೇಬಿನಿಂದ ಅದೇ ನೋಟು ತೆಗೆದು, ಭುಜದ ಮೇಲಿಂದ ಹಿಂದಕ್ಕೆ ಚಾಚಿದ.

"ಬಿಸಲಿಗೆ ಹಿಡದು ನೋಡಿ ತಗೋ ಅತ್ತಿಗಿ. ಖೋಟಾ ಇದ್ದೀತು."

ಆ ಮಾತು ಅವಳಿಗೆ ನಾಟಬೇಕಾದಲ್ಲೇ ನಾಟಿತು. ಜಂಬಮ್ಮ ನೋಟನ್ನು ಬಿಸಿಲಿಗೆ ಹಿಡಿಯಲಿಲ್ಲ, ಮಡಿಕೆಯನ್ನೂ ಬಿಚ್ಚಲಿಲ್ಲ. ಹೇಗಿತ್ತೋ ಹಾಗೇ ಒಯ್ದು ಮಲೀಕಸಾಬನ ಕೈಗೆ ಕೊಟ್ಟಳು.