ನಡುವಿನ ಶೆಡ್ಡು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದೆ ಒಂದು ಶೆಡ್ಡಿದೆ. ಅಲ್ಲಿ ಏಳು ತಿಂಗಳಿಂದ ನಾನೊಬ್ಬಳೇ. ಮಾತಾಡಿಸಲು ಡಿಟೆಕ್ಟರ್ ತಂಪು ಮಾಡುವ ಪಂಪೊಂದಿದೆ, ಅದರದ್ದೂ ಒಂದೇ ರಾಗ.

ಕೆಲಸ ಇಷ್ಟು. ಬೆಂಗಳೂರಿನಿಂದ ಮೈಸೂರಿಗೆ ಒಂಟಿ ಬೆಳಕಿನ ಕಣ ಕಳಿಸಿದರೆ ದಾರಿಯ ಗಾಜಿನ ಎಳೆಯೇ ಅದನ್ನು ನುಂಗಿಬಿಡುತ್ತದೆ. ನಡುವೆ ನಕಲು ತೆಗೆದು ಮುಂದಕ್ಕೆ ದಾಟಿಸೋಣವೆಂದರೆ ಪ್ರಕೃತಿ ಬಿಡುವುದಿಲ್ಲ. ಅದಕ್ಕೇ ಎರಡೂ ಊರಿನಲ್ಲಿ ಒಂದರ ಅಳತೆ ಇನ್ನೊಂದಕ್ಕೆ ಹೊಂದುವಂತೆ ಹೆಣೆದುಕೊಂಡ ಜೋಡಿ ಕಣಗಳನ್ನು ಹುಟ್ಟಿಸಿ, ಒಂದನ್ನು ಅಲ್ಲೇ ಅಳೆದು ಬರೆದಿಟ್ಟು, ಇನ್ನೊಂದನ್ನು ನನ್ನ ಹತ್ತಿರ ಕಳಿಸುತ್ತಾರೆ. ಇಲ್ಲಿ ಅವೆರಡೂ ಸೇರಿ, ಡಿಟೆಕ್ಟರ್‌ಗೆ ಬಡಿದು ಇಲ್ಲವಾಗುತ್ತವೆ. ಅದರಿಂದ, ಒಂದನ್ನೊಂದು ಎಂದೂ ಕಾಣದ ತುದಿಯ ಕಣಗಳಿಗೆ ನಂಟು ಬೀಳುತ್ತದೆ. ಮುಂದೆ ಕಣವನ್ನು ಹಿಡಿದಿಡುವ ಮೆಮೊರಿ ಸೇರಿದರೆ ಇಂಥ ಶೆಡ್ಡುಗಳ ಸಾಲೇ ಎಷ್ಟು ದೂರಕ್ಕಾದರೂ ನಂಟು ದಾಟಿಸುವ ರಿಪೀಟರ್. ಸದ್ಯಕ್ಕೆ ನನ್ನ ಪಾಲಿಗೆ ಉಳಿಯುವುದು ಯಾವ ವೇಳೆಗೆ ಯಾವ ಡಿಟೆಕ್ಟರ್ ಮಿಡಿಯಿತೆಂಬ ಒಂದು ಪಟ್ಟಿ ಮಾತ್ರ.

ಶುಕ್ರವಾರ ಮಧ್ಯಾಹ್ನ ಬೆಂಗಳೂರಿನ ಲ್ಯಾಬಿನಿಂದ ನಮ್ಮ ಮುಖ್ಯಸ್ಥ ಯೋಗಾನಂದ ಸರ್ ಫೋನ್ ಮಾಡಿದರು.

“ಫಿಲ್ಟರ್ ನೆಟ್ಟಗಿಟ್ಟು ಅಳೆದರೆ ಎರಡೂ ತುದಿಯ ಅಳತೆಗಳು ಹೊಂದುತ್ತವೆ. ಓರೆಯಾಗಿಟ್ಟು ಅಳೆದರೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ನಿಮ್ಮಲ್ಲಿ ಕಣಗಳು ಒಟ್ಟಿಗೆ ತಲುಪ್ತಿಲ್ಲ, ಪದ್ಮಶ್ರೀ. ಸೋಮವಾರದಿಂದ ಶೆಡ್ ಮುಚ್ಚೋಣ.”

ಮೈಯೆಲ್ಲ ಉರಿದುಹೋಯಿತು. ವೇಳೆ ಹೊಂದಿಸಿದವಳು ನಾನು, ಬೆಳಗ್ಗೆಯಷ್ಟೇ ಪರೀಕ್ಷಿಸಿದ್ದೆ. ಇವರ ತಪ್ಪನ್ನು ಇವರ ಮುಖಕ್ಕೇ ಹಿಡಿಯುತ್ತೇನೆಂದು ಪಟ್ಟಿ ತೆರೆದೆ. ಕಿಟಕಿಯಾಚೆ ಹೆಂಗಸರು ಹಳದಿ ಗೂಡಿನ ರಾಶಿಯಿಂದ ಬಿಳಿ ಗೂಡು ಆರಿಸುತ್ತಿದ್ದರು.

ನನ್ನ ಪಟ್ಟಿಯನ್ನೂ ಹಾಗೇ ಬೇರೆ ಮಾಡಬೇಕಿತ್ತು. ನನ್ನ ಡಿಟೆಕ್ಟರ್‌ಗಳು ಎರಡು ಬಗೆಯ ಫಲಿತಾಂಶ ಕೊಡುತ್ತವೆ: ಕಣಗಳೆರಡೂ ಒಂದೇ ಬದಿಗೆ ಬಿದ್ದವು, ಅಥವಾ ಬೇರೆ ಬೇರೆ ಬದಿಗೆ. ಓರೆ ಅಳತೆಯಲ್ಲಿ ಮೊದಲ ಬಗೆಗೆ ತುದಿಗಳು ಸಮ, ಎರಡನೆಯದಕ್ಕೆ ತದ್ವಿರುದ್ಧ. ಕಲಸಿದರೆ ಅರ್ಧಕ್ಕರ್ಧವೇ. ನೆಟ್‌ವರ್ಕ್ ಸರಿಯಿಲ್ಲ, ಫೈಲು ಹೋಗುತ್ತಿಲ್ಲವೆಂದು ಬಗೆ ತಿಳಿಸುವ ಆ ಕಾಲಂ ಕತ್ತರಿಸಿ, ಬರೀ ವೇಳೆಗಳನ್ನು ಕಳಿಸಿದ್ದವಳು ನಾನೇ.

ಕಾಲಂ ಕಳಿಸಿದೆ. ಮೈಸೂರಿನ ತುದಿಯಲ್ಲಿ ಕೂತ ಲೋಕೇಶನಿಗೂ ಸರ್‌ಗೂ ಒಟ್ಟಿಗೆ ಕಾಲ್ ಜೋಡಿಸಿ, ತಪ್ಪು ನನ್ನದೆಂದು ಹೇಳಿದೆ. ಎರಡೂ ತುದಿಯ ಅಳತೆ ಲೋಕೇಶನ ಬಳಿ ಇತ್ತು. ಚನ್ನಪಟ್ಟಣದವನು, ಖುಷಿಯಾದರೆ ಊರಿನ ಮಾತೇ ಬರುತ್ತದೆ.

“ಬ್ಯಾರೆ ಮಾಡ್ದೆ ಕಣಕ್ಕಾ! ಒಂದ್ರಾಗೆ ನೂರಕ್ಕೆ ಎಂಬತ್ತೇಳು ಒಂದೇ ತರ ಐತೆ, ಇನ್ನೊಂದ್ರಾಗೆ ಎಂಬತ್ತಾರು ಉಲ್ಟಾ! ನಂಟು ಬಿದ್ಬುಟ್ಟೈತೆ!”

“ಲೋಕೇಶ್, ಇವತ್ತೇ ಪ್ರಬಂಧ ಬರೆಯೋಕೆ ಶುರುಮಾಡೋಣ,” ಎಂದರು ಸರ್. ಶೆಡ್ ಉಳಿಯಿತು. ಅಲ್ಲಿಂದ ಅವರಿಬ್ಬರದೇ ಮಾತು: ಯಾವ ಗ್ರಾಫು ಮೊದಲು, ಯಾವ ಸಮ್ಮೇಳನ, ಪಾರ್ಟಿ ಎಲ್ಲಿ. ನಾನು ಎರಡು ಸಲ ಬಾಯಿ ತೆರೆದೆ, ಯಾರಿಗೂ ಕೇಳಿಸಲಿಲ್ಲ. ಅಳು ಬಂತು.

ಫೋನ್ ಕಟ್ ಮಾಡೋಣವೆಂದು ಬೆರಳಿಟ್ಟೆ. ಆದರೆ ಕಾಲ್ ಜೋಡಿಸಿದವಳು ನಾನು. ನಾನು ಕಡಿದರೆ ಅವರ ಮಾತೂ ಕಡಿಯುತ್ತದೆ. ಕಣಗಳಿಗೆ ಆ ಹಂಗಿಲ್ಲ, ಜೋಡಿಸಿದ ಮೇಲೆ ನಡುವಿನವರು ಬೇಕಿಲ್ಲ.

ಫೋನನ್ನು ಪಂಪಿನ ಪಕ್ಕ ಒರಗಿಸಿ ಡಬ್ಬಿ ಬಿಚ್ಚಿದೆ. ಮುದ್ದೆ ಆರಿಹೋಗಿತ್ತು. ಅವರ ನಗು ಕೇಳುತ್ತ ಉಂಡೆ, ಕೈ ತೊಳೆದು ಬರುವವರೆಗೂ ಕಾಲ್ ಕಡಿಯಲಿಲ್ಲ.