ಟಾರ್ಚಿನ ರಾಜೀನಾಮೆಗೆ ಬಾಯ್ಲರಣ್ಣನ ಷರಾ

ಡೈರಿಯ ಮೆಷಿನ್ ವಿಭಾಗದ ಮುಖ್ಯಸ್ಥನಿಗೆ ಬಾಯ್ಲರಣ್ಣ ಅಂತ ಹೆಸರು ಬಿದ್ದಿದ್ದು ಬಾಯ್ಲರ್ ನೋಡಿಕೊಳ್ಳುತ್ತಿದ್ದ ಅಂತಲ್ಲ. ಸಿಟ್ಟು ಬಂದರೆ ಮುಖ ಕೆಂಪಗಾಗಿ ಕಿವಿಯಲ್ಲಿ ಹಬೆ ಹೋಗುವುದೊಂದು ಬಾಕಿ, ಅದಕ್ಕೆ. ಅವನ ಕೈಕೆಳಗಿನ ಎಂಜಿನಿಯರ್ ಹಗಲಲ್ಲೂ ಜೇಬಿನಲ್ಲಿ ಟಾರ್ಚ್ ಇಟ್ಟುಕೊಂಡು ಓಡಾಡುತ್ತಿದ್ದ. ಅವನು ಟಾರ್ಚ್ ಆದ.

ಆ ಬೆಳಿಗ್ಗೆ ಟಾರ್ಚ್ ಬಂದು ಮೇಜಿನ ಮೇಲೊಂದು ಹಾಳೆ ಇಟ್ಟು ಕೈಕಟ್ಟಿ ನಿಂತ.

"ಏನಯ್ಯಾ ಇದು?"

"ರಾಜೀನಾಮೆ ಸಾರ್. ಬೇರೆ ಕಡೆ ಕೆಲಸ ಒಪ್ಕೊಂಡಿದೀನಿ. ಮೊದಲು ನಿಮಗೇ ಹೇಳ್ಬೇಕು ಅನ್ನಿಸ್ತು."

"ಎಲ್ಲಿ?"

"ಊರಾಚೆ ಹೊಸ ಡೈರಿ ಆಗಿದೆಯಲ್ಲ, ಅಲ್ಲಿ. ಮೆಷಿನ್ ವಿಭಾಗದ ಮುಖ್ಯಸ್ಥ."

ಬಾಯ್ಲರಣ್ಣನಿಗೆ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು. ಎಂಟು ತಿಂಗಳ ಹಿಂದೆ ಅದೇ ಕೆಲಸಕ್ಕೆ ಅವನೇ ಅರ್ಜಿ ಹಾಕಿದ್ದ. ಜ್ವರ ಅಂತ ಇಲ್ಲಿ ಸುಳ್ಳು ಹೇಳಿ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸಂದರ್ಶನಕ್ಕೆ ಹೋಗಿ ಬಂದಿದ್ದ. ಅಲ್ಲಿನವರು ಎರಡು ಗಂಟೆ ಮಾತಾಡಿಸಿದ್ದರು. ಕಾಫಿ ಕೊಟ್ಟಿದ್ದರು. ತಿಳಿಸುತ್ತೇವೆ ಅಂದಿದ್ದರು. ಇವತ್ತಿಗೂ ತಿಳಿಸಿರಲಿಲ್ಲ. ಈ ಸಂಗತಿ ಹೆಂಡತಿಯನ್ನು ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ.

"ಸಂತೋಷ," ಅಂದ, ಹಲ್ಲು ಕಚ್ಚಿಕೊಂಡೇ. "ಹೋಗು, ಮೂರನೇ ಪಂಪು ಸೋರ್ತಿದೆ ನೋಡು."

ಟಾರ್ಚ್ ಹೋದ ಮೇಲೆ ಪತ್ರ ಓದಿದ. ಬೈಯಲು ಒಂದು ಎಳೆಯಾದರೂ ಸಿಗಲಿ ಅಂತಲೇ ಓದಿದ. ಸಿಗಲಿಲ್ಲ. ಎಂಜಿನಿಯರ್ ಹುದ್ದೆಗೆ ರಾಜೀನಾಮೆ ಕೊಡುತ್ತಿದ್ದೇನೆ ಅಂತ ಮೊದಲ ಸಾಲಿನಲ್ಲೇ ನೇರವಾಗಿ ಇತ್ತು. ನೇಮಕಾತಿ ಪತ್ರದ ಪ್ರಕಾರ ನೋಟಿಸ್ ಅವಧಿ ಎರಡು ತಿಂಗಳು. ದಯವಿಟ್ಟು ಒಂದು ತಿಂಗಳಿಗೆ ಇಳಿಸಿ ಬಿಡುಗಡೆ ಮಾಡಬೇಕು ಅಂತ ಎರಡನೆಯದು. ಅಷ್ಟರೊಳಗೆ ಪ್ರತಿ ಮೆಷಿನ್ನಿನ ಟಿಪ್ಪಣಿ, ಬಿಡಿಭಾಗಗಳ ಪಟ್ಟಿ, ಕಂಟ್ರೋಲ್ ಪ್ಯಾನೆಲ್ಲಿನ ಪಾಸ್‌ವರ್ಡುಗಳು ಎಲ್ಲ ಬರೆದು ಒಪ್ಪಿಸುತ್ತೇನೆ. ಹೋದ ಮೇಲೂ ಏನಾದರೂ ತೊಡಕಾದರೆ ಫೋನ್ ಮಾಡಿ, ಬಂದು ನೋಡುತ್ತೇನೆ. ಕೊನೆಗೆ: "ಏಳು ವರ್ಷದ ಹಿಂದೆ ಇಲ್ಲಿ ಸೇರಿದಾಗ ನನಗೆ ಬರುತ್ತಿದ್ದದ್ದು ಪುಸ್ತಕದ ವಿದ್ಯೆ ಮಾತ್ರ. ಬೇರಿಂಗಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು, ಹಿಡಿಗೆ ಕಿವಿ ಕೊಟ್ಟು ಸದ್ದಿನಿಂದಲೇ ಮೆಷಿನ್ನಿನ ದೋಷ ಹಿಡಿಯುವುದನ್ನು ನನ್ನ ಮುಖ್ಯಸ್ಥರು ಕಲಿಸಿದರು. ಅವರ ಋಣ ದೊಡ್ಡದು."

ಒಳ್ಳೆಯ ಮಾತು ಉರಿಯುವ ಹೊಟ್ಟೆಗೆ ತುಪ್ಪ ಸುರಿಯಿತು. ನಾನು ಕಲಿಸಿದ್ದು, ಇವನು ಉಣ್ಣುವುದು! ನನ್ನ ಕಿವಿಯನ್ನು ಹೊತ್ತುಕೊಂಡು ಹೋಗಿ ನನ್ನ ಕುರ್ಚಿಯಲ್ಲೇ ಕೂರುತ್ತಾನೆ ಈ ನಯವಂಚಕ!

ಮಧ್ಯಾಹ್ನ ಆಫೀಸಿನ ಮೇಡಂ ಫೋನ್ ಮಾಡಿದಳು. ನೇಮಕಾತಿ, ಬಿಡುಗಡೆ ಎಲ್ಲ ಅವಳದೇ.

"ಟಾರ್ಚಿನ ಪತ್ರದ ಪ್ರತಿ ನನಗೂ ಬಂತು. ಏನ್ ಚೆನ್ನಾಗಿ ಬರ್ದಿದಾರೆ ಸಾರ್! ಓದಿದ್ರೆ ನಮಗೇ ಕಣ್ಣಲ್ಲಿ ನೀರು ಬರುತ್ತೆ."

"ಕಣ್ಣಿಗೆ ಧೂಳು ಬಿದ್ದಿರ್ಬೇಕು, ತೊಳ್ಕೊಳ್ಳಿ."

ಅವಳು ನಕ್ಕಳು. "ಒಂದು ತಿಂಗಳಲ್ಲಿ ಬಿಡೋದು ಬಿಡದೇ ಇರೋದು ನಿಮ್ಮ ಕೈಲಿದೆ. ನೀವು ಷರಾ ಬರೆದು ಸಹಿ ಹಾಕಿದ ಹಾಗೆ. ಆ ಕಡೆಯವರು ಅದಕ್ಕಿಂತ ಒಂದು ದಿನವೂ ಹೆಚ್ಚು ಕಾಯಲ್ವಂತೆ. ನಾಳೆ ಹನ್ನೊಂದಕ್ಕೆ ಕೊಡ್ತೀರಾ?"

ಒಂದು ದಿನವೂ ಕಾಯುವುದಿಲ್ಲ. ಬಾಯ್ಲರಣ್ಣ ಈ ಮಾತನ್ನು ದಿನವಿಡೀ ಬಾಯಲ್ಲಿ ಬೆಲ್ಲದ ಚೂರಿನ ಹಾಗೆ ಹೊರಳಿಸಿದ. ಸಂಜೆ ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ.

"ಎರಡು ತಿಂಗಳು ಪೂರ್ತಿ ಅಂತ ಬರೀತೀನಿ. ಕಾನೂನು ಅಂದ್ರೆ ಕಾನೂನು."

ಅವಳು ಬಟ್ಟೆ ಮಡಿಸುತ್ತಿದ್ದಳು. "ಹೋದ ವರ್ಷ ಪ್ಯಾಕಿಂಗ್ ಮೆಷಿನ್ನೋನನ್ನ ಹದಿನೈದೇ ದಿನಕ್ಕೆ ಬಿಟ್ರಲ್ಲ, ಆಗ ಕಾನೂನು ಊರಿಗೆ ಹೋಗಿತ್ತಾ?"

"ಅವನ ವಿಷಯ ಬೇರೆ."

"ಹೌದು. ಅವನು ಹೋಗಿದ್ದು ನಿಮಗೆ ಬೇಕಾಗಿದ್ದ ಜಾಗಕ್ಕಲ್ಲ."

"ನಿನ್ ಬಾಯಿ ಸ್ವಲ್ಪ ಮುಚ್ತೀಯಾ?"

"ನಾನು ಮುಚ್ಚೇ ಇಟ್ಟಿದೀನಿ, ಎಂಟು ತಿಂಗಳಿಂದ. ಆ ಇಸ್ತ್ರಿ ಅಂಗಿ ವಿಷಯ ನನ್ನ ತಂಗಿಗೂ ಹೇಳಿಲ್ಲ." ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಾಯ್ಲರಣ್ಣ ಬೇರೊಂದು ಹಾಳೆಯ ಮೇಲೆ ಷರಾ ಬರೆದು ಮುಗಿಸಿದ. 'ಕೆಲಸದ ಒತ್ತಡದ ದೃಷ್ಟಿಯಿಂದ ಎರಡು ತಿಂಗಳ ನೋಟಿಸ್ ಅವಧಿಯನ್ನು ಪೂರ್ತಿ ಮುಗಿಸತಕ್ಕದ್ದು.' ಸಹಿಯೊಂದು ಬಾಕಿ. ಟಾರ್ಚಿನ ಮುಖ ಇಳಿಯುವುದನ್ನು ಕಣ್ಣಾರೆ ನೋಡಿಯೇ ಸಹಿ ಹಾಕೋಣ ಅಂತ ಅವನನ್ನು ಕರೆಸಿದ.

ಟಾರ್ಚ್ ಓದಿದ. ಮುಖ ಇಳಿಯಿತು. "ಅವರು ಕಾಯಲ್ಲ ಸಾರ್. ಕೆಲಸ ಕೈತಪ್ಪುತ್ತೆ."

"ಅದು ನಿನ್ನ ಹಣೆಬರಹ. ಅಷ್ಟಕ್ಕೂ ಅವರಿಗೆ ನೀನೇ ಯಾಕೆ ಬೇಕಾಯ್ತು? ಊರಲ್ಲಿ ಬೇರೆ ಯಾರೂ ಇರಲಿಲ್ವಾ? ಯಾರನ್ನ ಹಿಡಿದೆ?"

"ನಾನು ಅರ್ಜಿ ಹಾಕಿರಲಿಲ್ಲ ಸಾರ್. ಅವರೇ ಫೋನ್ ಮಾಡಿದ್ರು."

"ಓಹೋ! ನಿನ್ನ ಹೆಸರು ಅವರ ಕನಸಲ್ಲಿ ಬಂತೋ?"

ಟಾರ್ಚ್ ಬಾಗಿಲ ಕಡೆ ನೋಡಿ, ಹೋಗಿ ಅದನ್ನು ಮುಚ್ಚಿ ಬಂದ. ದನಿ ತಗ್ಗಿಸಿದ.

"ಸಂದರ್ಶನದಲ್ಲಿ ನೀವೇ ಹೇಳಿದ್ರಂತಲ್ಲ ಸಾರ್. ಅಲ್ಲಿನ ಎಂಜಿನಿಯರು ಹೇಳಿದ್ರು. ಕಂಟ್ರೋಲ್ ಪ್ಯಾನೆಲ್ ಬಗ್ಗೆ ಕೇಳ್ದಾಗ ನೀವು, 'ಅದನ್ನೆಲ್ಲ ನಮ್ಮ ಟಾರ್ಚ್ ನೋಡ್ಕೋತಾನೆ. ನಾನೇ ತಿದ್ದಿ ತೀಡಿದ ಆಳು, ನಾನಿಲ್ದೇ ಇದ್ರೂ ಇಡೀ ಡೈರಿ ನಡೆಸ್ತಾನೆ' ಅಂದ್ರಂತೆ."

ಬಾಯ್ಲರಣ್ಣನಿಗೆ ಆ ಕೋಣೆ, ಆ ಕಾಫಿ ಕಪ್ಪು, ತನ್ನದೇ ಜಂಬದ ದನಿ ಎಲ್ಲ ಒಟ್ಟಿಗೆ ನೆನಪಾದವು. ಹೌದು, ಅಂದಿದ್ದ. ಎಂಥ ಗುರು ನಾನು ಅಂತ ತೋರಿಸಿಕೊಳ್ಳಲು ಎದೆಯುಬ್ಬಿಸಿ ಅಂದಿದ್ದ. ಅವರು ಕೇಳಿಸಿಕೊಂಡು ಗುರುವನ್ನು ಬಿಟ್ಟು ಶಿಷ್ಯನನ್ನು ಬರೆದುಕೊಂಡಿದ್ದರು. ಕಿವಿಯ ತುದಿ ಬಿಸಿಯಾಯಿತು.

"ಯಾರ್ಯಾರಿಗೆ ಹೇಳಿದೀಯ ಇದನ್ನ?"

"ಯಾರಿಗೂ ಇಲ್ಲ ಸಾರ್. ಯಾಕೆ ಹೇಳ್ಲಿ? ಆ ಜಾಗ ನಿಮಗೆ ಸಿಗೋ ಹಾಗಿದ್ದಿದ್ರೆ ನಾನು ಈ ಕೆಲಸ ಒಪ್ಕೊಳ್ತಾನೇ ಇರಲಿಲ್ಲ. ಜಾಗ ತುಂಬಿಲ್ಲ, ನಿಮ್ಮನ್ನ ತಗೊಳ್ಳಲ್ಲ ಅಂತ ಕೇಳಿ ಖಾತ್ರಿ ಮಾಡ್ಕೊಂಡೇ ಹೂಂ ಅಂದೆ."

ನಿಮ್ಮನ್ನ ತಗೊಳ್ಳಲ್ಲ. ಎಂಟು ತಿಂಗಳಿಂದ ಕಾದ ಉತ್ತರ ಕೊನೆಗೂ ಸಿಕ್ಕಿತು, ಅದೂ ಇವನ ಬಾಯಿಂದ. ಬಾಯ್ಲರಣ್ಣನಿಗೆ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಮರುಗಳಿಗೆ ತಾನು ಕಲಿಸಿದ್ದರಲ್ಲಿ ಇದೊಂದು ಮರ್ಯಾದೆ ಇರಲಿಲ್ಲ, ಇದು ಅವನದೇ ಸ್ವಂತದ್ದು ಅನ್ನಿಸಿತು. ಅದಕ್ಕೂ ಹೊಟ್ಟೆ ಉರಿಯಿತು. ಇನ್ನೆರಡು ತಿಂಗಳು ದಿನಾ ಬೆಳಿಗ್ಗೆ ಈ ಮುಖ ನೋಡಿಕೊಂಡು, ಇವನಿಗೆ ಎಲ್ಲ ಗೊತ್ತು ಅಂತ ಗೊತ್ತಿದ್ದು ಕೂರುವುದೇ?

ಷರಾ ಬರೆದ ಹಾಳೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದ. ಪತ್ರವನ್ನೇ ಎಳೆದುಕೊಂಡು ಕೆಳಗೆ ಬರೆದ: 'ಒಂದು ತಿಂಗಳಿಗೆ ಬಿಡಬಹುದು.' ಪೆನ್ನು ಕಾಗದ ಹರಿಯುವ ಹಾಗೆ ಸಹಿ ಹಾಕಿ ಅವನತ್ತ ನೂಕಿದ.

"ತಗೊಂಡು ಮೇಡಂಗೆ ಕೊಡು. ಅಳ್ಬೇಡ ಅಂತ ಹೇಳು ಅವಳಿಗೆ."

"ಸಾರ್..."

"ಕಾಲಿಗೆ ಗೀಲಿಗೆ ಬೀಳೋಕೆ ಬಂದೀಯ, ಒದೀತೀನಿ."

ಟಾರ್ಚ್ ಬಾಗಿಲವರೆಗೆ ಹೋಗಿದ್ದ. ಬಾಯ್ಲರಣ್ಣನಿಗೆ ತಡೆಯಲಾಗಲಿಲ್ಲ.

"ಅಲ್ಲಿ ಕಂಪ್ರೆಸರ್ ಎಂಥದು?"

"ಸ್ಕ್ರೂ ಕಂಪ್ರೆಸರ್ ಸಾರ್. ಮೂರು. ಮೂರೂ ಹೊಸವು."

"ಹೊಸವು," ಅಂದ ಬಾಯ್ಲರಣ್ಣ. ಗೋಡೆಯಾಚೆ ಅವನ ಇಪ್ಪತ್ತೆರಡು ವರ್ಷದ ಹಳೆಯ ಕಂಪ್ರೆಸರ್ ಗಡಗಡ ಅನ್ನುತ್ತಿತ್ತು. "ಹೊಸದು ಅಂತ ಮೈಮರೀಬೇಡ. ದಿನಾ ಬೆಳಿಗ್ಗೆ ಸ್ಕ್ರೂಡ್ರೈವರ್ ಇಟ್ಟು ಕೇಳು."

"ಕೇಳ್ತೀನಿ ಸಾರ್."

"ಒಳ್ಳೇ ಸದ್ದು ಬರುತ್ತೇನೋ?"

"ನೀವೇ ಒಂದಿನ ಬಂದು ಕೇಳಿ ಸಾರ್."

"ಬರ್ತೀನಿ, ಬರ್ತೀನಿ. ಈಗ ತೊಲಗು," ಅಂದವನು ಅವನು ಹೋದ ಮೇಲೂ ಬಹಳ ಹೊತ್ತು ಆ ಮೂರು ಹೊಸ ಮೆಷಿನ್ನುಗಳನ್ನೇ ನೆನೆಸಿಕೊಂಡು ಉರಿಯುತ್ತ ಕೂತಿದ್ದ.