ಕನ್ನಡಿ ಒಡೆದದ್ದಕ್ಕೆ

ನಂಗಲಿಯ ಹೆದ್ದಾರಿಯಲ್ಲಿ ಕದಿರೇಶನ ಟೊಮೆಟೊ ಪಿಕಪ್ಪು ಉಮಾಶಂಕರ್ ಮೇಷ್ಟ್ರ ಕಾರನ್ನು ಸವರಿಕೊಂಡು ಹೋದಾಗ ಒಡೆದದ್ದು ಕಾರಿನ ಪಕ್ಕದ ಕನ್ನಡಿಯೊಂದೇ. ಇಬ್ಬರೂ ಇಳಿದರು. ಇಬ್ಬರ ಬಾಯಿಯೂ ಜೋರಾಯಿತು. ಮೇಷ್ಟ್ರು ಪಿಕಪ್ಪಿನ ಕೀ ಕಿತ್ತುಕೊಳ್ಳಲು ಒಳಗೆ ಕೈ ಹಾಕಿದರು. ಸೀಟಿನ ಕೆಳಗಿಂದ ಕದಿರೇಶ ಚಕ್ರ ಬಿಚ್ಚುವ ಕಬ್ಬಿಣದ ಪಾನ ಎತ್ತಿದ. ಆ ಕೈ ಮೇಲೆ ಒಂದೇ ಏಟು. ಒಣಕಡ್ಡಿ ಮುರಿದಂಥ ಸದ್ದು.

ಆಮೇಲೆ ಅವನು ಓಡಲಿಲ್ಲ. ಪಾನ ಹಿಡಿದುಕೊಂಡು ಅಲ್ಲೇ ರಸ್ತೆಬದಿಯಲ್ಲಿ ಕೂತ.

ಠಾಣೆಯಲ್ಲಿ ಮುಖ್ಯಪೇದೆ ನರಸಿಂಹಪ್ಪ ಪಾನವನ್ನು ಬಟ್ಟೆಯಲ್ಲಿ ಸುತ್ತಿ ಸೀಲು ಹಾಕಿಸಿದ. ಆಸ್ಪತ್ರೆಯಿಂದ ಗಾಯದ ವರದಿ ಬಂದಿತ್ತು: ಮೇಷ್ಟ್ರ ಬಲ ಮುಂಗೈ ಮೂಳೆ ಮುರಿದಿದೆ.

"ಏಮಯ್ಯಾ, ಕನ್ನಡಿ ಒಡೆದಿದ್ದಕ್ಕೆ ಇನ್ಶೂರೆನ್ಸ್ ಇತ್ತು. ಬೈದಾಡ್ಕೊಂಡು ಹೋಗಿದ್ರೆ ಬುದ್ಧಿ ಹೇಳಿ ಕಳಿಸ್ತಿದ್ವಿ. ಬರೀ ಕೈಯಲ್ಲಿ ಹೊಡೆದು ಮೂಳೆ ಮುರಿದಿದ್ರೂ ಠಾಣೇಲೇ ಜಾಮೀನು ಸಿಗ್ತಿತ್ತು. ನೀನು ಕಬ್ಬಿಣ ಎತ್ತಿದ್ಯಲ್ಲ. ಮೂಳೆನೂ ಹೋಯ್ತು. ಈಗಿದು ನೂರ ಹದಿನೆಂಟು ಬಾರ್ ಎರಡು, ಆಯುಧದಿಂದ ತೀವ್ರ ಗಾಯ ಮಾಡಿದ ಸೆಕ್ಷನ್ನು. ಜಾಮೀನು ಕೋರ್ಟೇ ಕೊಡ್ಬೇಕು."

"ಅವ್ರು ಕೀಗೆ ಕೈ ಹಾಕಿದ್ರು ಸಾರ್."

"ಅದನ್ನೂ ಬರ್ಕೊಂಡಿದೀನಿ. ಅದಕ್ಕೆ ಮೂಳೆ ಮುರಿಯೋ ಹಕ್ಕು ಬರಲ್ಲ."

ಕದಿರೇಶ ತಲೆ ಆಡಿಸಿದ. ಯಾರದೋ ವಿಷಯ ಕೇಳಿಸಿಕೊಂಡಂತಿತ್ತು. ಪಿಕಪ್ಪಿನ ಟಾರ್ಪಾಲಿನಡಿ ಟೊಮೆಟೊ ಕೊಳೆಯುತ್ತದೆ ಅನ್ನಿಸಿತು, ಅಷ್ಟೇ.

ಹನ್ನೊಂದು ದಿನ ಜೈಲಿನಲ್ಲಿದ್ದ. ಮುಳಬಾಗಿಲು ಕೋರ್ಟಿನಲ್ಲಿ ಜಾಮೀನು ಅರ್ಜಿ ವಜಾ ಆಗಿ, ಕೋಲಾರದ ಸೆಷನ್ಸ್ ಕೋರ್ಟು ಜಾಮೀನು ಕೊಟ್ಟಿತು. ಅವನವ್ವ ಮುನಿಶಾಮಮ್ಮ ಮನೆ ಬಾಗಿಲಲ್ಲೇ ಅತ್ತಳು. ಅವನಿಗೆ ಅಳು ಬರಲಿಲ್ಲ. ಉಪ್ಪಿಲ್ಲದಂತೆ ತೋರಿದ ಮುದ್ದೆಯನ್ನು ನುಂಗಿ ಮಲಗಿದ.

ಮೊದಲ ವಾಯಿದೆಯ ದಿನ ಮುಳಬಾಗಿಲು ಕೋರ್ಟಿನ ಹೊಂಗೆ ಮರದ ಕೆಳಗೆ ವಕೀಲೆ ಅನಿತಾ ಜೊತೆ ನಿಂತಿದ್ದ. ಅವನು ಸಾಕ್ಷಿಗಳ ಹತ್ತಿರ ಹೋಗಬಾರದೆಂದು ಜಾಮೀನಿನ ಷರತ್ತು ಇತ್ತು. ಮೇಷ್ಟ್ರೇ ಹತ್ತಿರ ಬಂದರು, ಕೈಗೆ ಪ್ಲಾಸ್ಟರು, ಅಂಗಿಯ ಗುಂಡಿಗಳು ಅಡ್ಡಾದಿಡ್ಡಿ.

"ಲಾಯರಮ್ಮ, ನಾನೂ ಸಿಟ್ಟಲ್ಲಿ ಕೀಗೆ ಕೈ ಹಾಕಿದ್ದು ತಪ್ಪೇ. ರಾಜಿ ಆಗ್ಬಿಡ್ತೀನಿ."

"ಈ ಸೆಕ್ಷನ್ನಲ್ಲಿ ರಾಜಿಗೆ ಇಲ್ಲಿ ಅವಕಾಶ ಇಲ್ಲ ಸಾರ್. ದೂರು ನಿಮ್ಮದಾದ್ರೂ ಕೇಸು ಸರ್ಕಾರದ್ದು. ನಿಮ್ಮಿಬ್ಬರ ಒಪ್ಪಿಗೆ ಇಟ್ಕೊಂಡು ಹೈಕೋರ್ಟಿಗೆ ಹೋಗಿ ರದ್ದು ಮಾಡಿ ಅಂತ ಕೇಳ್ಬೋದು. ಅವರು ಒಪ್ಪಬೇಕು ಅಂತೇನಿಲ್ಲ. ಇಲ್ಲಾಂದ್ರೆ ವಿಚಾರಣೆ ನಡೀತದೆ."

ಮೇಷ್ಟ್ರು ಕದಿರೇಶನ ಕಡೆ ತಿರುಗಿದರು.

"ಏನಪ್ಪಾ, ಗಾಡಿ ಓಡಿಸ್ತಿದೀಯಾ?"

"ಇಲ್ಲ ಸಾರ್. ಓನರು ಬೇರೆಯವರನ್ನ ಹಾಕ್ಕೊಂಡ್ರು." ಪ್ಲಾಸ್ಟರು ನೋಡಿ, "ಕೈ?" ಎಂದ.

"ಬೋರ್ಡ್ ಮೇಲೆ ಬರೆಯಕ್ಕೆ ಆಗಲ್ಲ. ಮಕ್ಕಳ ಕೈಲಿ ಬರೆಸ್ತೀನಿ."

ತಪ್ಪಾಯ್ತು ಅನ್ನಬೇಕೆಂದು ಅವನಿಗೆ ಗೊತ್ತಿತ್ತು. ಹೇಳಿಯೂ ಬಿಟ್ಟ. ತನ್ನ ಬಾಯಿಂದ ಬಂದ ಮಾತು ಎಲ್ಲೋ ದೂರದಿಂದ ಕೇಳಿಸಿದಂತಾಯಿತು. ಮೇಷ್ಟ್ರು ತಲೆ ಆಡಿಸಿದರು. ಒಳಗಿನಿಂದ ಕೋರ್ಟಿನ ಅಮೀನ ಅವನ ಹೆಸರು ಕೂಗಿದ. ಕದಿರೇಶ ಚಪ್ಪಲಿ ಬಿಟ್ಟು ಒಳಗೆ ಹೋದ.